ಸಾಹೇಬರ ಸಹಿ ಆಗಿದೆ, ಕೆಲಸ ಯಾಕೆ ಶುರುವಾಗಿಲ್ಲ? ಒಂದು ಮಂಜೂರಾತಿ ಕಡತ ಸಾಗುವ ದಾರಿ

"ನಮ್ಮ ಸಾಲಿ ದುರಸ್ತಿಗೆ ಅನುಮೋದನೆ ಆಗ್ಯದ ಅಂತಾರ. ಮತ್ತ ಕೆಲಸ ಯಾಕ್ರಿ ಶುರು ಆಗಿಲ್ಲ?"

ಮಳೆಗಾಲ ಹತ್ತಿರ ಬಂದಾಗ ಯಾದಗಿರಿ, ಕಲಬುರಗಿ ಕಡೆಯ ಶಾಲಾಭಿವೃದ್ಧಿ ಸಮಿತಿಯ, ಅಂದರೆ ಎಸ್‌ಡಿಎಂಸಿಯ ಸದಸ್ಯರ ಬಾಯಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ಕಚೇರಿಯಲ್ಲಿ ಸಿಗುವ ಉತ್ತರವೂ ಹೆಚ್ಚುಕಡಿಮೆ ಒಂದೇ: "ಕಡತ ಮೇಲೆ ಹೋಗಿದೆ." ಮೇಲೆ ಅಂದರೆ ಎಲ್ಲಿಗೆ? ಅಲ್ಲಿ ಯಾರು ಏನು ನೋಡುತ್ತಾರೆ? ಒಂದು ಸಹಿಗೆ ಇಷ್ಟು ದಿನ ಯಾಕೆ? ಸಹಿ ಆದಮೇಲೂ ಹಣ ಯಾಕೆ ಬರುವುದಿಲ್ಲ?

ಇದನ್ನು ತಿಳಿಯಲು ಒಂದು ಕಡತವನ್ನು ಕೈಯಲ್ಲಿ ಹಿಡಿದು ಹಿಂದೆ ಹಿಂದೆ ಹೋಗೋಣ. ಸುರಪುರ ತಾಲ್ಲೂಕಿನ ಒಂದು ಸರ್ಕಾರಿ ಪ್ರಾಥಮಿಕ ಶಾಲೆ ಎಂದುಕೊಳ್ಳಿ. ಮೂರು ಕೊಠಡಿಗಳ ಛಾವಣಿ ಸೋರುತ್ತಿದೆ. ಪ್ರಸ್ತಾವನೆ ಮುಖ್ಯ ಶಿಕ್ಷಕರಿಂದ ಕ್ಷೇತ್ರ ಶಿಕ್ಷಣಾಧಿಕಾರಿಗೆ, ಅಂದರೆ ಬಿಇಒಗೆ, ಅಲ್ಲಿಂದ ಜಿಲ್ಲೆಯ ಶಿಕ್ಷಣ ಉಪನಿರ್ದೇಶಕರಿಗೆ, ಅಂದರೆ ಡಿಡಿಪಿಐಗೆ, ಅಲ್ಲಿಂದ ಯಾದಗಿರಿ ಜಿಲ್ಲಾ ಪಂಚಾಯಿತಿಗೆ ಬಂದಿದೆ. ಶಾಲೆಯೂ ಮೊತ್ತಗಳೂ ಲೆಕ್ಕ ಅರ್ಥವಾಗಲಿ ಎಂದು ನಾನು ಕಲ್ಪಿಸಿಕೊಂಡವು. ದಾರಿ ಮಾತ್ರ ಕಚೇರಿಗಳಲ್ಲಿ ಇರುವಂಥದ್ದೇ.

## ಕಡತದ ಎರಡು ಮಗ್ಗಲು

ಸರ್ಕಾರಿ ಕಡತಕ್ಕೆ ಎರಡು ಭಾಗ ಇರುತ್ತದೆ. ಒಂದು ಕಡೆ ಪತ್ರಗಳು: ಬಂದ ಮನವಿ, ಅಂದಾಜು ಪಟ್ಟಿ, ಫೋಟೋ, ಹಿಂದಿನ ಆದೇಶಗಳು. ಇವಕ್ಕೆಲ್ಲ ಪುಟ ಸಂಖ್ಯೆ ಹಾಕಿರುತ್ತಾರೆ. ಇನ್ನೊಂದು ಕಡೆ ಟಿಪ್ಪಣಿ ಹಾಳೆ. ಕಚೇರಿ ಮಾತಿನಲ್ಲಿ ಇದೇ 'ನೋಟ್'. ಇಲ್ಲಿ ಸಿಬ್ಬಂದಿ ಮತ್ತು ಅಧಿಕಾರಿಗಳು ಒಬ್ಬರ ಕೆಳಗೆ ಒಬ್ಬರು ಬರೆಯುತ್ತಾರೆ. ಪ್ರತಿ ಕಂಡಿಕೆಗೂ ಸಂಖ್ಯೆ ಇರುತ್ತದೆ. ಹಾಗಾಗಿ ಮೇಲಿನವರು "ಕಂಡಿಕೆ 4ರ ಬಗ್ಗೆ ಸ್ಪಷ್ಟಪಡಿಸಿ" ಎಂದರೆ ಯಾವ ಮಾತಿನ ಬಗ್ಗೆ ಕೇಳುತ್ತಿದ್ದಾರೆ ಎಂದು ಹುಡುಕಬೇಕಾಗಿಲ್ಲ.

ಇ-ಆಫೀಸ್ ಬಂದ ಕಡೆ ಇದೇ ವ್ಯವಸ್ಥೆ ಕಂಪ್ಯೂಟರ್ ಪರದೆಗೆ ಹೋಗಿದೆ. ಅಲ್ಲಿ ಹಳದಿ ನೋಟ್ ಎಂಬುದು ಕರಡು, ತಿದ್ದಬಹುದು. ಹಸಿರು ನೋಟ್ ಎಂಬುದು ಅಂತಿಮ. ಬರೆದು ಮುಂದಕ್ಕೆ ಕಳಿಸಿದ ಮೇಲೆ ಅದನ್ನು ಅಳಿಸಲು ಆಗುವುದಿಲ್ಲ. ತಪ್ಪಾಗಿದ್ದರೆ ಕೆಳಗೆ ಇನ್ನೊಂದು ಕಂಡಿಕೆ ಬರೆದು ಸರಿಪಡಿಸಬೇಕು, ಅಷ್ಟೇ. ಯಾರ ಬಳಿ ಎಷ್ಟು ದಿನ ಇತ್ತು ಎಂಬುದೂ ಅದರಲ್ಲಿ ತಾನಾಗಿ ದಾಖಲಾಗುತ್ತದೆ.

ನೋಟ್ ಆದೇಶವಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಅದು ಕಚೇರಿಯ ಒಳಗಿನ ಮಾತುಕತೆ. ಸಾಹೇಬರು ನೋಟ್‌ನಲ್ಲಿ "ಒಪ್ಪಿದೆ" ಎಂದು ಬರೆದು ಸಹಿ ಮಾಡಿದರೂ, ಅದರ ಆಧಾರದ ಮೇಲೆ ಸಂಖ್ಯೆ ಮತ್ತು ದಿನಾಂಕ ಇರುವ ಆದೇಶ ಹೊರಬೀಳುವ ತನಕ ಹೊರಗಿನವರ ಪಾಲಿಗೆ ಏನೂ ಆಗಿಲ್ಲ. ಊರಲ್ಲಿ "ಸಹಿ ಆಗಿದೆ" ಎಂಬ ಸುದ್ದಿ ಹಬ್ಬುವುದು ಸಾಮಾನ್ಯವಾಗಿ ಈ ನೋಟ್ ಹಂತದಲ್ಲೇ.

## ಹಣದ ನಾಲ್ಕು ಮೆಟ್ಟಿಲು

ಪೇಪರಿನಲ್ಲಿ "ಹಣ ಮಂಜೂರು" ಎಂದು ಬಂದಾಗ ಅದು ನಾಲ್ಕು ಬೇರೆ ಬೇರೆ ಸಂಗತಿಗಳಲ್ಲಿ ಯಾವುದಾದರೂ ಆಗಿರಬಹುದು.

ನಿಮ್ಮ ಸ್ವಂತ ಮನೆಯ ಛಾವಣಿ ಸೋರುತ್ತಿದೆ ಎಂದುಕೊಳ್ಳಿ. ವರ್ಷದ ಆರಂಭದಲ್ಲಿ ಮನೆಯವರೆಲ್ಲ ಕೂತು, ಈ ವರ್ಷ ರಿಪೇರಿಗೆ ಇಷ್ಟು ಎತ್ತಿಡೋಣ ಎಂದು ಮಾತಾಡುತ್ತೀರಿ. ಆಮೇಲೆ ಯಜಮಾನರು "ಸರಿ, ಅಡುಗೆ ಮನೆ ಛಾವಣಿ ಮಾಡಿಸಿ" ಎನ್ನುತ್ತಾರೆ. ಗೌಂಡಿ ಬಂದು ನೋಡಿ, ಎಷ್ಟು ಸಿಮೆಂಟ್, ಎಷ್ಟು ಕೂಲಿ ಎಂದು ಲೆಕ್ಕ ಕೊಡುತ್ತಾನೆ. ಕೊನೆಗೆ ತೊಗರಿ ಮಾರಿದ ದುಡ್ಡು ಕೈಗೆ ಬರುತ್ತದೆ.

ಸರ್ಕಾರದಲ್ಲೂ ಇವೇ ನಾಲ್ಕು. ವರ್ಷಕ್ಕೆ ಎತ್ತಿಟ್ಟದ್ದು ಬಜೆಟ್ ಹಂಚಿಕೆ. ಯಜಮಾನರ ಮಾತು ಆಡಳಿತಾತ್ಮಕ ಅನುಮೋದನೆ: ಈ ಕೆಲಸ ಬೇಕು, ಇಷ್ಟು ಮೊತ್ತದೊಳಗೆ ಮಾಡಬಹುದು ಎಂಬ ಒಪ್ಪಿಗೆ. ಗೌಂಡಿಯ ಲೆಕ್ಕದ ಜಾಗದಲ್ಲಿ ತಾಂತ್ರಿಕ ಮಂಜೂರಾತಿ ಬರುತ್ತದೆ. ವಿನ್ಯಾಸ ಸರಿಯಿದೆ, ದರಗಳು ಇಲಾಖೆಯ ದರಪಟ್ಟಿಯಂತೆ ಇವೆ ಎಂದು ಅಧಿಕಾರವುಳ್ಳ ಇಂಜಿನಿಯರ್ ಹೇಳುವುದು ಅದು. ಕೈಗೆ ಬಂದ ದುಡ್ಡು ಅನುದಾನ ಬಿಡುಗಡೆ.

ಮನೆಯಲ್ಲಿ ಈ ನಾಲ್ಕೂ ಒಂದೇ ಸಂಜೆ ಚಹಾ ಕುಡಿಯುತ್ತ ಮುಗಿದುಹೋಗಬಹುದು. ಕಚೇರಿಯಲ್ಲಿ ನಾಲ್ಕಕ್ಕೂ ಬೇರೆ ಬೇರೆ ಕಾಗದ, ಬೇರೆ ಬೇರೆ ಅಧಿಕಾರಿ. ಒಂದಾಯಿತು ಎಂದರೆ ಉಳಿದ ಮೂರೂ ಆದವು ಎಂದಲ್ಲ. ನಾವು ನೋಡುತ್ತಿರುವ ಕಡತ ಎರಡನೇ ಮೆಟ್ಟಿಲಿನದು, ಆಡಳಿತಾತ್ಮಕ ಅನುಮೋದನೆಗಾಗಿ ಹೊರಟದ್ದು.

## ನೋಟ್ ಹುಟ್ಟುವ ಮೇಜು

ಕಡತ ಶುರುವಾಗುವುದು ವಿಷಯ ನಿರ್ವಾಹಕರ ಮೇಜಿನಲ್ಲಿ. ಸಾಮಾನ್ಯವಾಗಿ ಇವರು ದ್ವಿತೀಯ ಅಥವಾ ಪ್ರಥಮ ದರ್ಜೆ ಸಹಾಯಕರು. ಟಪಾಲಿನಲ್ಲಿ ಬಂದ ಪ್ರಸ್ತಾವನೆ ಇವರ ಕೈಗೆ ಸೇರುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ಕಡತ ಬೇಗ ಹೋಗುತ್ತದೋ ತಡವಾಗುತ್ತದೋ ಎಂಬುದು ಮುಕ್ಕಾಲು ಪಾಲು ಈ ಮೇಜಿನಲ್ಲೇ ತೀರ್ಮಾನವಾಗುತ್ತದೆ. ಮೇಲಿನವರು ಕೇಳಬಹುದಾದ ಪ್ರಶ್ನೆಗಳಿಗೆಲ್ಲ ಮೊದಲ ನೋಟ್‌ನಲ್ಲೇ ಉತ್ತರ ಇದ್ದರೆ ಕಡತಕ್ಕೆ ಹಿಂದೆ ಬರುವ ಕಾರಣ ಇರುವುದಿಲ್ಲ.

ಚೆನ್ನಾಗಿ ಬರೆದ ನೋಟ್ ಹೀಗಿರುತ್ತದೆ. ಕಚೇರಿಯ ಭಾಷೆಯಲ್ಲೇ ಕೊಡುತ್ತೇನೆ:

> 1. ಉಪನಿರ್ದೇಶಕರು, ಸಾರ್ವಜನಿಕ ಶಿಕ್ಷಣ ಇಲಾಖೆ, ಯಾದಗಿರಿ ಇವರು ಸದರಿ ಶಾಲೆಯ 3 ಕೊಠಡಿಗಳ ಮೇಲ್ಛಾವಣಿ ದುರಸ್ತಿಗಾಗಿ ಪ್ರಸ್ತಾವನೆ ಸಲ್ಲಿಸಿರುತ್ತಾರೆ (ಪುಟ 1 ರಿಂದ 4).
>
> 2. ಪಂಚಾಯತ್ ರಾಜ್ ಇಂಜಿನಿಯರಿಂಗ್ ಉಪವಿಭಾಗದ ಅಂದಾಜು ಪಟ್ಟಿಯಂತೆ ಕಾಮಗಾರಿ ಮೊತ್ತ ರೂ. 4,00,000 ಹಾಗೂ ಜಿಎಸ್‌ಟಿ ರೂ. 72,000 ಸೇರಿ ಒಟ್ಟು ರೂ. 4,72,000 ಆಗಿರುತ್ತದೆ (ಪುಟ 5 ರಿಂದ 9).
>
> 3. ಸದರಿ ಕಾಮಗಾರಿಯು ಪ್ರಸಕ್ತ ಸಾಲಿನ ಅನುಮೋದಿತ ಕ್ರಿಯಾ ಯೋಜನೆಯ ಕ್ರಮ ಸಂಖ್ಯೆ 17ರಲ್ಲಿದೆ (ಪುಟ 11).
>
> 4. ಸಂಬಂಧಿಸಿದ ಲೆಕ್ಕ ಶೀರ್ಷಿಕೆಯಡಿ ಹಂಚಿಕೆ ರೂ. 60.00 ಲಕ್ಷ. ಈಗಾಗಲೇ ಅನುಮೋದನೆ ನೀಡಿರುವುದು ರೂ. 52.40 ಲಕ್ಷ. ಉಳಿಕೆ ರೂ. 7.60 ಲಕ್ಷ. ಈವರೆಗೆ ಬಿಡುಗಡೆ ರೂ. 30.00 ಲಕ್ಷ (ಪುಟ 12).
>
> 5. ಆರ್ಥಿಕ ಅಧಿಕಾರ ಪ್ರತ್ಯಾಯೋಜನೆ ಆದೇಶದಂತೆ (ಪುಟ 13) ಈ ಮೊತ್ತಕ್ಕೆ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳು ಸಕ್ಷಮ ಪ್ರಾಧಿಕಾರವಾಗಿರುತ್ತಾರೆ.
>
> 6. ಒಪ್ಪಿದಲ್ಲಿ, ಆಡಳಿತಾತ್ಮಕ ಅನುಮೋದನೆ ನೀಡಬಹುದಾಗಿದೆ. ಕರಡು ಆದೇಶ ಪುಟ 14ರಲ್ಲಿದೆ. ಅನುಮೋದನೆಗಾಗಿ ಸಲ್ಲಿಸಿದೆ.

ಆರು ಕಂಡಿಕೆ, ಅಷ್ಟೇ. ಯಾರು ಕೇಳಿದರು, ಎಷ್ಟು ಖರ್ಚು, ಕ್ರಿಯಾ ಯೋಜನೆಯಲ್ಲಿ ಅಂದರೆ ಈ ವರ್ಷ ಮಾಡಬೇಕಾದ ಕೆಲಸಗಳ ಪಟ್ಟಿಯಲ್ಲಿ ಇದೆಯಾ, ಹಣಕ್ಕೆ ಜಾಗ ಇದೆಯಾ, ಒಪ್ಪಿಗೆ ಕೊಡುವ ಅಧಿಕಾರ ಯಾರಿಗೆ ಇದೆ, ಈಗ ಏನು ಮಾಡಬೇಕು. ಪ್ರತಿ ಮಾತಿನ ಎದುರು ಪುಟ ಸಂಖ್ಯೆ ಇದೆ, ನೋಡಿ. ಅದಿಲ್ಲದಿದ್ದರೆ ಮೇಲಿನ ಅಧಿಕಾರಿ ಸುಮ್ನೆ ನಂಬಿ ಸಹಿ ಹಾಕಬೇಕು, ಇಲ್ಲವೇ ಕಡತ ವಾಪಸ್ ಕಳಿಸಬೇಕು.

"ನೀಡಬಹುದಾಗಿದೆ" ಎಂದು ಯಾಕೆ ಬರೆಯುತ್ತಾರೆ, ನೇರವಾಗಿ "ನೀಡಿ" ಎಂದರೆ ಆಗದೇ ಎಂದು ಕೆಲವರು ನಗುತ್ತಾರೆ. ಸಹಾಯಕರಿಗೆ ಒಪ್ಪಿಗೆ ಕೊಡುವ ಅಧಿಕಾರ ಇಲ್ಲ. ದಾರಿ ತೋರಿಸುವುದು ಮಾತ್ರ ಅವರ ಕೆಲಸ. ತೀರ್ಮಾನ ಅಧಿಕಾರ ಇರುವವರದು.

ಇನ್ನು ನಾಲ್ಕನೇ ಕಂಡಿಕೆಯ ಲೆಕ್ಕ. ಹಂಚಿಕೆಯಲ್ಲಿ 7.60 ಲಕ್ಷ ಉಳಿದಿದೆ, ಕೇಳಿರುವುದು 4.72 ಲಕ್ಷ. ಒಪ್ಪಿಗೆ ಕೊಟ್ಟರೂ 2.88 ಲಕ್ಷ ಉಳಿಯುತ್ತದೆ. ಹಾಗಾಗಿ ಅನುಮೋದನೆಗೆ ತೊಂದರೆ ಇಲ್ಲ. ಆದರೆ ಅದೇ ಕಂಡಿಕೆಯ ಕೊನೆಯ ಅಂಕಿ ನೋಡಿ. ಈವರೆಗೆ ಬಿಡುಗಡೆ ಆಗಿರುವುದು 30 ಲಕ್ಷ ಮಾತ್ರ, ಒಪ್ಪಿಗೆ ಕೊಟ್ಟಾಗಿರುವ ಕೆಲಸಗಳು 52.40 ಲಕ್ಷದ್ದು. ಅಂದರೆ ನಮ್ಮ ಶಾಲೆಗಿಂತ ಮೊದಲೇ 22.40 ಲಕ್ಷದ ಕೆಲಸಗಳು ಹಣಕ್ಕಾಗಿ ಸಾಲಿನಲ್ಲಿ ನಿಂತಿವೆ. ಅನುದಾನ ಕಂತಿನಲ್ಲಿ ಬರುವುದರಿಂದ ಹೀಗಾಗುತ್ತದೆ. ಅನುಮೋದನೆ ಸಿಕ್ಕ ದಿನವೇ ಈ ಅಂಕಿ ಓದಬಲ್ಲವರಿಗೆ, ಬಿಲ್ ಆಗುವುದು ಮುಂದಿನ ಕಂತು ಬಂದ ಮೇಲೆಯೇ ಎಂದು ಗೊತ್ತಾಗಿರುತ್ತದೆ.

## ಹದಿನೈದು ಅಂಕಿಗಳ ಲೆಕ್ಕ ಶೀರ್ಷಿಕೆ

ನೋಟ್‌ನಲ್ಲಿ "ಸಂಬಂಧಿಸಿದ ಲೆಕ್ಕ ಶೀರ್ಷಿಕೆ" ಎಂದು ಬಂತಲ್ಲ, ಅದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಕಡತಗಳು ಎಡವುವ ದೊಡ್ಡ ಕಲ್ಲು ಇದೇ.

ಬಜೆಟ್‌ನ ಪ್ರತಿ ರೂಪಾಯಿಗೂ ಒಂದು ವಿಳಾಸ ಇರುತ್ತದೆ. ಕರ್ನಾಟಕದಲ್ಲಿ ಅದು ಹದಿನೈದು ಅಂಕಿಗಳ ಸಂಖ್ಯೆ, ನಡುನಡುವೆ ಅಡ್ಡಗೆರೆ ಹಾಕಿ ಬರೆಯುತ್ತಾರೆ. ಮೊದಲ ನಾಲ್ಕು ಅಂಕಿ ಯಾವ ಕ್ಷೇತ್ರ ಎಂದು ಹೇಳುತ್ತವೆ. 2202 ಎಂದರೆ ಸಾಮಾನ್ಯ ಶಿಕ್ಷಣ, 2210 ಎಂದರೆ ವೈದ್ಯಕೀಯ ಮತ್ತು ಸಾರ್ವಜನಿಕ ಆರೋಗ್ಯ. ಕೊನೆಯ ಮೂರು ಅಂಕಿ ಯಾವ ಬಗೆಯ ಖರ್ಚು ಎಂದು ಹೇಳುತ್ತವೆ. ಉದಾಹರಣೆಗೆ 059 ಎಂದರೆ ಇತರ ವೆಚ್ಚಗಳು.

ನಮ್ಮ ಕಡತಕ್ಕೆ ಮುಖ್ಯವಾದದ್ದು ಮೊಟ್ಟಮೊದಲ ಅಂಕಿ. ಅದು 2 ಅಥವಾ 3 ಆಗಿದ್ದರೆ ರಾಜಸ್ವ ವೆಚ್ಚ: ಸಂಬಳ, ನಿರ್ವಹಣೆ, ದುರಸ್ತಿ, ದಿನನಿತ್ಯದ ಖರ್ಚು. 4 ಅಥವಾ 5 ಆಗಿದ್ದರೆ ಬಂಡವಾಳ ವೆಚ್ಚ: ಹೊಸ ಕಟ್ಟಡ, ಹೊಸ ರಸ್ತೆ, ಅಂದರೆ ಬಾಳಿಕೆ ಬರುವ ಹೊಸ ಆಸ್ತಿ. ಶಿಕ್ಷಣದಲ್ಲಿ 2202ಕ್ಕೆ ಎದುರಾಗಿ 4202 ಇದೆ.

ಈಗ ನಮ್ಮ ಶಾಲೆಗೆ ಬನ್ನಿ. ಸೋರುವ ಛಾವಣಿಗೆ ಗಿಲಾವು ಕೆತ್ತಿ, ನೀರು ಇಳಿಯದ ಪದರ ಹಾಕುವುದು ದುರಸ್ತಿ. ಅದು 2ರಿಂದ ಶುರುವಾಗುವ ಶೀರ್ಷಿಕೆಯಲ್ಲಿ ಬರಬೇಕು. ಅದೇ ಪ್ರಸ್ತಾವನೆಯಲ್ಲಿ ಯಾರೋ "ಹೇಗೂ ಮಾಡ್ತಾ ಇದ್ದೀವಿ, ಪಕ್ಕಕ್ಕೆ ಒಂದು ಹೊಸ ಕೋಣೆ ಕಟ್ಟಿ ಶಹಾಬಾದ್ ಪರಸಿ ಹಾಕಿಸೋಣ" ಎಂದು ಸೇರಿಸಿದರು ಎಂದುಕೊಳ್ಳಿ. ಹೊಸ ಕೋಣೆ ಬಂಡವಾಳ ವೆಚ್ಚ. ಎರಡನ್ನೂ ಒಂದೇ ಅಂದಾಜಿನಲ್ಲಿ ಸೇರಿಸಿ ದುರಸ್ತಿ ಹಣದಿಂದ ಮಾಡಲು ಬರುವುದಿಲ್ಲ. ದುರಸ್ತಿ ಶೀರ್ಷಿಕೆಯಲ್ಲಿ ಹಣ ಮಿಕ್ಕಿದೆ, ಕಟ್ಟಡದ ಶೀರ್ಷಿಕೆಯಲ್ಲಿ ಖಾಲಿ ಎಂದು ಅಲ್ಲಿಂದ ಇಲ್ಲಿಗೆ ಎಳೆಯಲೂ ಬರುವುದಿಲ್ಲ. ಒಂದು ಶೀರ್ಷಿಕೆಯಿಂದ ಇನ್ನೊಂದಕ್ಕೆ ಹಣ ಸರಿಸುವುದಕ್ಕೆ ಪುನರ್‌ವಿನಿಯೋಗ ಎನ್ನುತ್ತಾರೆ. ಅದಕ್ಕೆ ಬೇರೆಯೇ ಒಪ್ಪಿಗೆ ಬೇಕು. ರಾಜಸ್ವದಿಂದ ಬಂಡವಾಳಕ್ಕಂತೂ ಹಾಗೆ ಸರಿಸುವಂತಿಲ್ಲ.

ಇಷ್ಟು ಕಟ್ಟುನಿಟ್ಟು ಯಾಕೆ? ರಾಜ್ಯದ ಸಂಚಿತ ನಿಧಿಯಿಂದ ಕಾನೂನಿನ ಪ್ರಕಾರವಲ್ಲದೆ ಹಣ ತೆಗೆಯುವಂತಿಲ್ಲ ಎಂದು ಸಂವಿಧಾನದ 266ನೇ ವಿಧಿ ಹೇಳುತ್ತದೆ. ಆ ಕಾನೂನು ಎಂದರೆ 204ನೇ ವಿಧಿಯಂತೆ ವಿಧಾನಮಂಡಲ ಪಾಸು ಮಾಡುವ ಧನವಿನಿಯೋಗ ಅಧಿನಿಯಮ. ಅಲ್ಲಿ ಯಾವ ಉದ್ದೇಶಕ್ಕೆ ಒಪ್ಪಿದ್ದಾರೋ ಅದಕ್ಕೇ ಖರ್ಚಾಗಬೇಕು. ಸುರಪುರದ ಶಾಲೆಯ ಛಾವಣಿಯ ಕಡತದಲ್ಲಿ ಬರೆದ ಸಂಖ್ಯೆ ಕೊನೆಗೆ ಹೋಗಿ ಮುಟ್ಟುವುದು ಅಲ್ಲಿಗೆ.

## ಒಂದೊಂದು ಮೇಜಿನಲ್ಲಿ ಒಂದೊಂದು ಪ್ರಶ್ನೆ

ವಿಷಯ ನಿರ್ವಾಹಕರಿಂದ ಕಡತ ಅಧೀಕ್ಷಕರಿಗೆ ಹೋಗುತ್ತದೆ. ಅವರು ಕೂಡು-ಕಳೆ, ಪುಟ ಸಂಖ್ಯೆ, ಹಿಂದಿನ ಆದೇಶಗಳು ಸರಿಯಿವೆಯೇ ಎಂದು ನೋಡುತ್ತಾರೆ. ಇದೇ ಶಾಲೆಗೆ ಹಿಂದಿನ ವರ್ಷ ಬೇರೆ ಯೋಜನೆಯಲ್ಲಿ ದುರಸ್ತಿ ಆಗಿದೆಯಾ ಎಂಬ ಪ್ರಶ್ನೆ ಏಳಬೇಕಾದದ್ದೂ ಇಲ್ಲೇ. ನಮ್ಮ ಭಾಗದಲ್ಲಿ ಒಂದೇ ಶಾಲೆಗೆ ಜಿಲ್ಲಾ ಪಂಚಾಯಿತಿಯಿಂದಲೂ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯಿಂದಲೂ, ಶಾಸಕರ ನಿಧಿಯಿಂದಲೂ ಕೆಲಸ ಬರುವ ಸಾಧ್ಯತೆ ಇದೆ. ಹಾಗಾಗಿ "ಈ ಕಾಮಗಾರಿಯನ್ನು ಬೇರೆ ಯಾವುದೇ ಯೋಜನೆಯಲ್ಲಿ ಕೈಗೊಂಡಿಲ್ಲ" ಎಂಬ ದೃಢೀಕರಣ ಕಡತದಲ್ಲಿ ಇರಬೇಕು.

ಅಲ್ಲಿಂದ ಯೋಜನಾ ಶಾಖೆ. ಕ್ರಿಯಾ ಯೋಜನೆಯಲ್ಲಿ ಈ ಶಾಲೆಯ ಹೆಸರು ನಿಜವಾಗಿಯೂ ಇದೆಯೇ ಎಂದು ಅಲ್ಲಿ ನೋಡುತ್ತಾರೆ.

ಆಮೇಲೆ ಮುಖ್ಯ ಲೆಕ್ಕಾಧಿಕಾರಿ. ಕೆಲಸ ಬೇಕೋ ಬೇಡವೋ ಎಂಬುದು ಇವರ ಪ್ರಶ್ನೆಯಲ್ಲ. ಶೀರ್ಷಿಕೆ ಸರಿಯೇ, ಹಂಚಿಕೆಯಲ್ಲಿ ಜಾಗ ಇದೆಯೇ, ಅಧಿಕಾರದ ಮಿತಿ ಸರಿಯೇ ಎಂಬುದು ಇವರ ಪ್ರಶ್ನೆ. ಇವರ ಬಳಿ ಕಡತ ನಿಂತಾಗ "ಅಕೌಂಟ್ಸ್‌ನವರು ಅಡ್ಡ ಹಾಕಿದರು" ಎಂದು ಬೈಯುವವರು ಜಾಸ್ತಿ. ಆದರೆ ನಾಳೆ ಲೆಕ್ಕಪರಿಶೋಧಕರು ಬಂದಾಗ ಮೊದಲು ಕೇಳುವುದು ಇದೇ ಪುಟವನ್ನು.

ನಂತರ ಉಪ ಕಾರ್ಯದರ್ಶಿ, ಕೊನೆಗೆ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ, ಅಂದರೆ ಸಿಇಒ. ಕೆಳಗಿನವರೆಲ್ಲ ಒಪ್ಪಿ ಬರೆದಿದ್ದರೂ ಸಿಇಒ ಬೇಡ ಎನ್ನಬಹುದು. ಕೆಳಗಿನವರು ಆಕ್ಷೇಪಿಸಿದ್ದರೂ ತಮ್ಮ ಅಧಿಕಾರದೊಳಗೆ ಒಪ್ಪಬಹುದು. ಹಾಗೆ ಒಪ್ಪುವಾಗ ಕಾರಣ ಬರೆಯಬೇಕು, ಯಾಕೆಂದರೆ ಕೆಳಗಿನವರ ಆಕ್ಷೇಪವೂ ಅದೇ ಹಾಳೆಯಲ್ಲಿ ಉಳಿದಿರುತ್ತದೆ. ಮಾತಿನಲ್ಲಿ "ಮಾಡಿಬಿಡಿ" ಎಂದು ಹೇಳಿಸಿಕೊಂಡ ಅಧಿಕಾರಿ, "ಸರ್, ಕಡತದಲ್ಲಿ ಬರೆದುಕೊಡಿ" ಎಂದು ಕೇಳುವುದು ಇದಕ್ಕೇ.

## ನಿಯಮದ ಹೆಸರು ಯಾಕೆ ಬರೆಯಬೇಕು?

ನೋಟ್‌ನ ಐದನೇ ಕಂಡಿಕೆಯಲ್ಲಿ ಒಂದು ಆದೇಶದ ಉಲ್ಲೇಖ ಇದೆ. ಓದುವವರಿಗೆ ಅದು ಒಣ ಮಾತು ಅನಿಸಬಹುದು. ಇಡೀ ಕಡತಕ್ಕೆ ಬಲ ಬರುವುದು ಅದರಿಂದಲೇ.

ಸರ್ಕಾರದ ಹಣ ಖರ್ಚು ಮಾಡಲು ಎರಡು ಸಂಗತಿ ಒಟ್ಟಿಗೆ ಇರಬೇಕು. ಬಜೆಟ್‌ನಲ್ಲಿ ಅವಕಾಶ ಇರಬೇಕು, ಅಧಿಕಾರವುಳ್ಳವರ ಮಂಜೂರಾತಿಯೂ ಇರಬೇಕು. ಒಂದಿದ್ದು ಇನ್ನೊಂದಿಲ್ಲದಿದ್ದರೆ ಖರ್ಚು ಮಾಡುವಂತಿಲ್ಲ. ರಾಜ್ಯದಲ್ಲಿ ಇದಕ್ಕೆ ಆಧಾರ 1958ರ ಕರ್ನಾಟಕ ಆರ್ಥಿಕ ಸಂಹಿತೆ. ಕೇಂದ್ರದ ಕಚೇರಿಗಳಿಗೆ, ಉದಾಹರಣೆಗೆ ಕಲಬುರಗಿಯ ಅಂಚೆ ಕಚೇರಿಗೆ, 2017ರ ಸಾಮಾನ್ಯ ಹಣಕಾಸು ನಿಯಮಗಳು ಇವೆ. ಸಕ್ಷಮ ಪ್ರಾಧಿಕಾರದ ಮಂಜೂರಾತಿ ಇಲ್ಲದೆ ಯಾರೂ ವೆಚ್ಚ ಮಾಡುವಂತಿಲ್ಲ ಎಂದು ಅಲ್ಲಿನ 22ನೇ ನಿಯಮ ಹೇಳುತ್ತದೆ. ತನ್ನ ಸ್ವಂತ ಹಣ ಖರ್ಚು ಮಾಡುವಾಗ ಇರುವಷ್ಟೇ ಎಚ್ಚರ ಸಾರ್ವಜನಿಕ ಹಣಕ್ಕೂ ಇರಬೇಕು ಎಂದು 21ನೇ ನಿಯಮ ಹೇಳುತ್ತದೆ.

ಸಕ್ಷಮ ಪ್ರಾಧಿಕಾರ ಯಾರು ಎಂಬುದು ಮೊತ್ತದ ಮೇಲೆ ನಿಂತಿರುತ್ತದೆ. ಸರ್ಕಾರ ತನ್ನ ಅಧಿಕಾರದ ಒಂದೊಂದು ಪಾಲನ್ನು ಕೆಳಗಿನವರಿಗೆ ಹಂಚಿರುತ್ತದೆ: ಇಷ್ಟರ ತನಕ ಇವರು, ಅದರ ಮೇಲೆ ಅವರು. ಈ ಮಿತಿಗಳು ಆಗಾಗ ಪರಿಷ್ಕರಣೆ ಆಗುತ್ತವೆ. ಅದಕ್ಕೇ ನೋಟ್‌ನಲ್ಲಿ "ನಿಯಮಾನುಸಾರ" ಎಂದು ತೇಲಿಸಿ ಬರೆದರೆ ಸಾಲದು. ಯಾವ ಆದೇಶ, ಯಾವ ದಿನಾಂಕ ಎಂದು ಹೇಳಿ, ಅದರ ಪ್ರತಿಯನ್ನೂ ಕಡತದಲ್ಲಿ ಇಡಬೇಕು. ಹಳೆಯ ಆದೇಶ ತೋರಿಸಿ ಹಳೆಯ ಮಿತಿಯಲ್ಲಿ ಸಹಿ ಮಾಡಿಸಿದರೆ, ಅಧಿಕಾರ ಇಲ್ಲದವರು ಕೊಟ್ಟ ಮಂಜೂರಾತಿ ಎಂದು ಅದು ಮುಂದೆ ಆಕ್ಷೇಪಣೆಗೆ ಬರುತ್ತದೆ.

ಮಿತಿ ಇದ್ದಲ್ಲಿ ಅದನ್ನು ತಪ್ಪಿಸುವ ಆಸೆಯೂ ಹುಟ್ಟುತ್ತದೆ. ಮೂರು ಕೊಠಡಿಗಳ ಕೆಲಸವನ್ನು ಮೂರು ಸಣ್ಣ ಅಂದಾಜು ಮಾಡಿದರೆ ಕೆಳಗಿನ ಅಧಿಕಾರಿಯೇ ಒಪ್ಪಬಹುದು, ಟೆಂಡರ್ ಕೂಡ ಬೇಡ ಎಂಬ ಲೆಕ್ಕಾಚಾರ. ಕೆಲಸವನ್ನು ತುಂಡು ಮಾಡುವುದು ಎನ್ನುತ್ತಾರೆ ಇದಕ್ಕೆ. ಮಿತಿ ತಪ್ಪಿಸುವುದಕ್ಕಾಗಿ ಹಾಗೆ ಮಾಡುವಂತಿಲ್ಲ. ಇದನ್ನು ಗುರುತಿಸುವುದೂ ಕಷ್ಟವಲ್ಲ. ಒಂದೇ ಶಾಲೆ, ಒಂದೇ ವಾರ, ಮಿತಿಗಿಂತ ಕೂದಲೆಳೆಯಷ್ಟು ಕಡಿಮೆ ಇರುವ ಎರಡು ಮೂರು ಅಂದಾಜು ಸಿಕ್ಕರೆ ಲೆಕ್ಕಪರಿಶೋಧಕರ ಪೆನ್ನು ಅಲ್ಲೇ ನಿಲ್ಲುತ್ತದೆ.

ಟೆಂಡರ್ ವಿಚಾರಕ್ಕೆ ಬೇರೆ ಕಾನೂನಿದೆ, 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ. ಎಲ್ಲರೂ ಕೆಟಿಪಿಪಿ ಎನ್ನುತ್ತಾರೆ. ಟೆಂಡರ್ ಕರೆಯುವುದು ಅದರ ಮೂಲ ನಿಯಮ, ನಾಲ್ಕನೇ ಸೆಕ್ಷನ್‌ನಲ್ಲಿ ಇರುವುದು ವಿನಾಯಿತಿಗಳು. ಪೇಪರ್‌ಗಳಲ್ಲಿ ಓದುವ "4(ಜಿ) ವಿನಾಯಿತಿ" ಇದೇ ಸೆಕ್ಷನ್‌ನದು. ಅದನ್ನು ಕೊಡಬೇಕಾದದ್ದು ಸರ್ಕಾರ, ಜಿಲ್ಲಾ ಕಚೇರಿ ತಾನೇ ಬರೆದುಕೊಳ್ಳುವಂತಿಲ್ಲ.

## ಕಡತ ವಾಪಸ್ ಬಂತು

ನಮ್ಮ ನೋಟ್ ಮೇಲೆ ಕೊಟ್ಟಷ್ಟು ಚೆನ್ನಾಗಿ ಬರೆದಿರಲಿಲ್ಲ, ಕಡತ ಮೊದಲ ಸಲವೇ ದಾಟಲಿಲ್ಲ ಎಂದುಕೊಳ್ಳೋಣ. ಬಹಳ ಸಲ ಆಗುವ ಒಂದು ತಪ್ಪು ನೋಡಿ.

ಶಾಲೆಯಿಂದ ಬಂದ ಮೊದಲ ಪತ್ರದಲ್ಲಿ "ಸುಮಾರು 4 ಲಕ್ಷ" ಎಂದು ಇತ್ತು. ಅದನ್ನೇ ಹಿಡಿದು 4 ಲಕ್ಷಕ್ಕೆ ಅನುಮೋದನೆ ಪಡೆದರು. ಆಮೇಲೆ ಇಂಜಿನಿಯರ್ ವಿವರವಾದ ಅಂದಾಜು ಮಾಡಿದಾಗ ಕೆಲಸದ ಮೊತ್ತವೇ 4 ಲಕ್ಷ ಆಯಿತು. ಅದರ ಮೇಲೆ ಶೇಕಡ 18 ಜಿಎಸ್‌ಟಿ ಸೇರಿ 4.72 ಲಕ್ಷ. ಈಗ ತಾಂತ್ರಿಕ ಮಂಜೂರಾತಿಯ ಮೊತ್ತ ಆಡಳಿತಾತ್ಮಕ ಅನುಮೋದನೆಯನ್ನು ದಾಟಿತು. ಹಾಗಾಗಿ ಕಡತ ಮತ್ತೆ ಅದೇ ಏಣಿ ಹತ್ತಬೇಕು, ಪರಿಷ್ಕೃತ ಅನುಮೋದನೆಗಾಗಿ. ಒಂದು ಸಾಲು ತೆರಿಗೆ ಮರೆತದ್ದಕ್ಕೆ ವಾರಗಟ್ಟಲೆ ಹೋಗಬಹುದು.

ವಾಪಸ್ ಬಂದ ಕಡತದ ಮೇಲಿನ ಷರಾ ಓದಿದರೆ ಅದು ನಿಜವಾದ ಆಕ್ಷೇಪಣೆಯೋ, ಸುಮ್ನೆ ಕಾಲ ತಳ್ಳುವುದೋ ಎಂದು ಸಾಕಷ್ಟು ಮಟ್ಟಿಗೆ ತಿಳಿಯುತ್ತದೆ. "ಕಂಡಿಕೆ 2ರಲ್ಲಿ ಜಿಎಸ್‌ಟಿ ಸೇರಿಸಿಲ್ಲ, ಪರಿಷ್ಕೃತ ಅಂದಾಜು ಪಡೆದು ಮಂಡಿಸಿ" ಎಂದಿದ್ದರೆ ಏನು ಮಾಡಬೇಕೆಂದು ಸ್ಪಷ್ಟ. ಬರೀ "ಪರಿಶೀಲಿಸಿ ಮಂಡಿಸಿ" ಅಥವಾ "ಚರ್ಚಿಸಿ" ಎಂದಿದ್ದರೆ ಏನು ಪರಿಶೀಲಿಸಬೇಕು, ಚರ್ಚೆಯಲ್ಲಿ ಏನಾಯಿತು ಎಂಬುದು ಹಾಳೆಯಲ್ಲಿ ಇರುವುದಿಲ್ಲ. "ಚರ್ಚಿಸಿ" ಎಂದ ಮೇಲೆ ಚರ್ಚಿಸಿದ ವಿಷಯವನ್ನು ಕೆಳಗೆ ಒಂದು ಕಂಡಿಕೆಯಲ್ಲಿ ಬರೆಯುವುದು ಒಳ್ಳೆಯ ರೂಢಿ. ಎಲ್ಲರೂ ಬರೆಯುವುದಿಲ್ಲ. ಒಂದೊಂದು ಸಲ ಒಂದೊಂದೇ ಪ್ರಶ್ನೆ ಕೇಳಿ ಮೂರು ಸಲ ವಾಪಸ್ ಕಳಿಸಿದ್ದರೆ, ಮೂರನ್ನೂ ಮೊದಲ ಸಲವೇ ಯಾಕೆ ಕೇಳಲಿಲ್ಲ ಎಂಬ ಪ್ರಶ್ನೆ ಸಹಜ.

## ಆದೇಶ ಹೊರಬಿದ್ದ ಮೇಲೆ

ಸಿಇಒ ಒಪ್ಪಿದ ಮೇಲೆ ಕರಡು ಆದೇಶ ಅಂತಿಮವಾಗುತ್ತದೆ. ಇಂಥ ಆದೇಶದಲ್ಲಿ ಮೇಲೆ "ಓದಲಾಗಿದೆ" ಎಂದು ಆಧಾರ ಪತ್ರಗಳ ಪಟ್ಟಿ, ಆಮೇಲೆ ಪ್ರಸ್ತಾವನೆ, ಆಮೇಲೆ ಆದೇಶ ಭಾಗ, ಲೆಕ್ಕ ಶೀರ್ಷಿಕೆ, ಷರತ್ತುಗಳು ಇರುತ್ತವೆ. ಬೆಂಗಳೂರಿನಲ್ಲಿ ಇಲಾಖೆಯ ಮಟ್ಟದಲ್ಲಿ ಹೊರಡುವ ದೊಡ್ಡ ಮೊತ್ತದ ಆದೇಶವಾದರೆ ಕೊನೆಯಲ್ಲಿ ಆರ್ಥಿಕ ಇಲಾಖೆಯ ಸಹಮತಿಯ ಸಂಖ್ಯೆ ಮತ್ತು ದಿನಾಂಕವೂ ಕಾಣುತ್ತದೆ. ಆ ಸಾಲು ಬರಬೇಕಾದ ಕಡೆ ಇಲ್ಲದಿದ್ದರೆ ಖಜಾನೆಯಲ್ಲಿ ಬಿಲ್ ನಿಲ್ಲಬಹುದು.

ಆದೇಶದ ನಂತರ ತಾಂತ್ರಿಕ ಮಂಜೂರಾತಿ, ಟೆಂಡರ್ ಅಥವಾ ನಿಯಮ ಒಪ್ಪುವ ಬೇರೆ ವಿಧಾನ, ಕಾರ್ಯಾದೇಶ, ಆಮೇಲೆ ಕೆಲಸ. ಕೆಲಸವಾದಷ್ಟನ್ನು ಇಂಜಿನಿಯರ್ ಅಳತೆ ಪುಸ್ತಕದಲ್ಲಿ ಬರೆಯುತ್ತಾರೆ, ಕಚೇರಿಯಲ್ಲಿ ಅದು 'ಎಂಬಿ'. ಅದರ ಮೇಲೆ ಬಿಲ್ ತಯಾರಾಗಿ, ಖಜಾನೆ-2 ಎಂಬ ತಂತ್ರಾಂಶದ ಮೂಲಕ ಖಜಾನೆಗೆ ಹೋಗುತ್ತದೆ. ಅಲ್ಲಿ ಶೀರ್ಷಿಕೆಯಡಿ ಬಿಡುಗಡೆಯಾದ ಹಣ ಇಲ್ಲದಿದ್ದರೆ ಬಿಲ್ ಮುಂದೆ ಹೋಗುವುದಿಲ್ಲ. ನಾವು ಮೊದಲೇ ನೋಡಿದ 22.40 ಲಕ್ಷದ ಸಾಲು ಈಗ ಎದುರಾಗುತ್ತದೆ.

## ಮಾರ್ಚ್ 31ರ ಗೆರೆ

ವಿಧಾನಮಂಡಲ ಕೊಟ್ಟ ಅನುಮತಿ ಒಂದು ಆರ್ಥಿಕ ವರ್ಷಕ್ಕೆ ಮಾತ್ರ. ಏಪ್ರಿಲ್ 1ರಿಂದ ಮಾರ್ಚ್ 31. ಅಷ್ಟರಲ್ಲಿ ಖರ್ಚಾಗದ ಬಜೆಟ್ ಅವಕಾಶ ಅಲ್ಲಿಗೇ ಮುಗಿಯುತ್ತದೆ. ನಮ್ಮ ಶಾಲೆಯ ಕೆಲಸ ಅರ್ಧಕ್ಕೆ ನಿಂತಿದ್ದರೆ ಉಳಿದ ಬಿಲ್ ಹೊಸ ವರ್ಷದ ಹಂಚಿಕೆಯ ಮೇಲೆ ಬೀಳುತ್ತದೆ. ಆಗ ಹೊಸ ವರ್ಷದ ಕ್ರಿಯಾ ಯೋಜನೆಯಲ್ಲಿ ಮೊದಲು ಮುಂದುವರಿದ ಕಾಮಗಾರಿಗಳಿಗೆ ಹಣ ಇಟ್ಟು, ಮಿಕ್ಕದ್ದರಲ್ಲಿ ಹೊಸ ಕೆಲಸ ನೋಡಬೇಕಾಗುತ್ತದೆ.

ಮಾರ್ಚ್‌ನಲ್ಲಿ ಕಚೇರಿಗಳ ದೀಪ ರಾತ್ರಿಯೂ ಉರಿಯುವುದು ಈ ಕಾರಣಕ್ಕೆ. ಆ ಅವಸರದಲ್ಲೇ ತಪ್ಪುಗಳೂ ಹೆಚ್ಚು. ಕೆಲಸ ಮುಗಿಯುವ ಮೊದಲೇ ಬಿಲ್ ಮಾಡುವುದು ಅದರಲ್ಲಿ ದೊಡ್ಡದು. ವರ್ಷದ ಕೊನೆಯ ತಿಂಗಳುಗಳಲ್ಲಿ ಖರ್ಚಿನ ನೂಕುನುಗ್ಗಲು ಆರ್ಥಿಕ ಶಿಸ್ತಿನ ಉಲ್ಲಂಘನೆ ಎಂದು ಕೇಂದ್ರದ ನಿಯಮಗಳಲ್ಲಿ ಬರೆದೇ ಇದ್ದಾರೆ.

## ನಿಮ್ಮೂರಿನ ಕಡತ ನೋಡಬೇಕಾದರೆ

ಟಿಪ್ಪಣಿ ಹಾಳೆ ಒಳಗಿನ ಮಾತುಕತೆಯಾದರೂ ಗುಟ್ಟಲ್ಲ. 2005ರ ಮಾಹಿತಿ ಹಕ್ಕು ಅಧಿನಿಯಮದಲ್ಲಿ 'ದಾಖಲೆ' ಎಂದರೆ ಕಡತವೂ ಸೇರುತ್ತದೆ. ಕರ್ನಾಟಕದಲ್ಲಿ ಅರ್ಜಿ ಶುಲ್ಕ 10 ರೂಪಾಯಿ. ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಒಳಗೆ ಇರಬೇಕು. ಉತ್ತರಕ್ಕೆ 30 ದಿನ.

"ಕೆಲಸ ಯಾಕೆ ಆಗಿಲ್ಲ" ಎಂದು ಕೇಳಿದರೆ "ಪರಿಶೀಲನೆಯಲ್ಲಿದೆ" ಎಂಬ ಉತ್ತರ ಬಂದೀತು. ಅದರ ಬದಲು ಶಾಲೆಯ ಹೆಸರು, ಕಾಮಗಾರಿಯ ಹೆಸರು ಹಾಕಿ, ಆ ಕಡತದ ಟಿಪ್ಪಣಿ ಹಾಳೆಗಳ ಪ್ರತಿ, ಆಡಳಿತಾತ್ಮಕ ಅನುಮೋದನೆ ಆದೇಶದ ಪ್ರತಿ, ಅಂದಾಜು ಪಟ್ಟಿಯ ಪ್ರತಿ ಎಂದು ಕೇಳಿ. ಕೈಗೆ ಬಂದ ಮೇಲೆ ಮೊದಲು ಕೊನೆಯ ಕಂಡಿಕೆ ಓದಿ. ಅದು ಪ್ರಶ್ನೆಯಾಗಿದ್ದರೆ, ಉತ್ತರ ಯಾರು ಕೊಡಬೇಕು ಎಂದು ನೋಡಿ. ಬಹಳ ಸಲ ಕಡತ ಜಿಲ್ಲೆಯಲ್ಲಿ ಇರುವುದೇ ಇಲ್ಲ. ತಾಲ್ಲೂಕಿನಿಂದ ಬರಬೇಕಾದ ಒಂದು ದೃಢೀಕರಣಕ್ಕೆ ಕಾಯುತ್ತಿರುತ್ತದೆ. ಕೊನೆಯ ಕಂಡಿಕೆ "ಒಪ್ಪಿದೆ" ಎಂದಿದ್ದು ಆದೇಶದ ಪ್ರತಿ ಇಲ್ಲದಿದ್ದರೆ ಆದೇಶ ಹೊರಡಿಸುವ ಶಾಖೆಯಲ್ಲಿ ಕೇಳಿ. ಆದೇಶವೂ ಇದ್ದರೆ ಜಿಲ್ಲಾ ಪಂಚಾಯಿತಿಯಲ್ಲಿ ಕೇಳುವುದು ಅಷ್ಟಾಗಿ ಉಳಿದಿಲ್ಲ. ಆಗ ಆದೇಶದ ಸಂಖ್ಯೆ ಬರೆದುಕೊಂಡು ಇಂಜಿನಿಯರಿಂಗ್ ಉಪವಿಭಾಗಕ್ಕೆ ಹೋಗಿ, ತಾಂತ್ರಿಕ ಮಂಜೂರಾತಿ ಯಾವ ದಿನಾಂಕಕ್ಕೆ ಆಗಿದೆ ಎಂದು ವಿಚಾರಿಸಿ.